ಮಲ್ಲಿಗೆಯ ಅಂಚಿಗೆ ಬೂದು ಗೆರೆ ಎಲ್ಲಿಂದ ಬಂತು?

ಮದುವೆ ಆಲ್ಬಂ ಮಾಡುವವರಿಗೆ ಇದು ದಿನನಿತ್ಯದ ಕೆಲಸ. ಮದುಮಗಳ ಫೋಟೋದಲ್ಲಿ ಹಿಂದೆ ಕಾಣುವ ಛತ್ರದ ಕಂಬ, ಕುರ್ಚಿ, ನೆಂಟರು ಎಲ್ಲವನ್ನೂ ತೆಗೆದು ಅವಳೊಬ್ಬಳನ್ನೇ ಕಟ್ ಮಾಡಿ ಇಟ್ಟುಕೊಳ್ಳುತ್ತಾರೆ. ಕಟ್ ಮಾಡಿದ ಸಾಫ್ಟ್‌ವೇರಿನಲ್ಲಿ ಚಿತ್ರ ಚೊಕ್ಕವಾಗಿಯೇ ಇರುತ್ತದೆ. ಅದೇ ಫೈಲನ್ನು ವೀಡಿಯೊ ಎಡಿಟ್ ಮಾಡುವವರು ತಮ್ಮ ಸಾಫ್ಟ್‌ವೇರಿನಲ್ಲಿ ತೆರೆದು ತಿಳಿ ಬಣ್ಣದ ಹಿನ್ನೆಲೆಯ ಮೇಲೆ ಇಟ್ಟರೆ, ಮುಡಿದ ಮಲ್ಲಿಗೆಯ ಸುತ್ತ ತೆಳುವಾಗಿ ಒಂದು ಬೂದು ಗೆರೆ. ಕಪ್ಪು ಕೂದಲಿಗೆ ಏನೂ ಆಗಿರುವುದಿಲ್ಲ, ಮಲ್ಲಿಗೆಯಷ್ಟೇ ಮಾಸಿದಂತೆ ಕಾಣುತ್ತದೆ. ಕಟ್ ಮಾಡಿದವರು ‘ನಮ್ಮಲ್ಲಿ ಸರಿಯಾಗಿದೆ’ ಎನ್ನುತ್ತಾರೆ. ಅವರ ಮಾತೂ ನಿಜ. ಫೈಲಿನೊಳಗಿನ ಅಂಕಿಗಳನ್ನು ಎರಡು ಸಾಫ್ಟ್‌ವೇರ್‌ಗಳು ಎರಡು ಥರ ಓದುತ್ತಿವೆ, ಅಷ್ಟೆ.

ಅಂಚಿನ ಪಿಕ್ಸೆಲ್ಲಿನ ಲೆಕ್ಕ

ಕಂಪ್ಯೂಟರಿನ ಚಿತ್ರವೆಂದರೆ ಸಣ್ಣ ಸಣ್ಣ ಚೌಕಗಳು, ಅಂದರೆ ಪಿಕ್ಸೆಲ್‌ಗಳು. ಒಂದೊಂದು ಪಿಕ್ಸೆಲ್ಲಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ ಇರುತ್ತವೆ. ಸೊನ್ನೆ ಎಂದರೆ ಕತ್ತಲು, 255 ಎಂದರೆ ಪೂರ್ತಿ ಬೆಳಕು. ಕಟ್ ಮಾಡಿದ ಚಿತ್ರಕ್ಕೆ ಇವುಗಳ ಜೊತೆಗೆ ನಾಲ್ಕನೆಯದೊಂದು ಅಂಕಿ ಬೇಕು: ಈ ಪಿಕ್ಸೆಲ್ಲಿನಲ್ಲಿ ವಸ್ತು ಎಷ್ಟು ಪಾಲು ಇದೆ, ಎಷ್ಟು ಪಾಲು ಖಾಲಿ ಎನ್ನುವುದನ್ನು ಹೇಳಲು. ಅದೇ ಆಲ್ಫಾ. 1970ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕೆಲಸ ಮಾಡುತ್ತಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮುಲ್ ಈ ನಾಲ್ಕನೆಯ ಅಂಕಿಯನ್ನು ಬಣ್ಣದ ಜೊತೆಗೇ ಚಿತ್ರದಲ್ಲಿ ಇಡುವ ಪದ್ಧತಿಯನ್ನು ತಂದರು.

ಹೂವಿನ ನಡುಭಾಗದಲ್ಲಿ ಆಲ್ಫಾ 1, ಹೊರಗೆ ಸೊನ್ನೆ. ಇವೆರಡು ಕಡೆ ಯಾವ ತಕರಾರೂ ಬರುವುದಿಲ್ಲ. ತಕರಾರೆಲ್ಲ ಅಂಚಿನದು. ಎಸಳಿನ ಅಂಚು ಪಿಕ್ಸೆಲ್ಲಿನ ಗಡಿಗೆ ಸರಿಯಾಗಿ ಬಂದು ನಿಲ್ಲುವುದಿಲ್ಲವಲ್ಲ, ಅರ್ಧ ಚೌಕದಲ್ಲಿ ಎಸಳು, ಅರ್ಧ ಖಾಲಿ ಎನ್ನುವ ಪಿಕ್ಸೆಲ್‌ಗಳು ಅಲ್ಲಿರುತ್ತವೆ. ಅಂಥದ್ದರ ಆಲ್ಫಾ 0.5.

ಮಲ್ಲಿಗೆಯ ಬಿಳುಪು 240 ಎಂದುಕೊಳ್ಳೋಣ. ಬಿಳಿಯಾದ್ದರಿಂದ ಮೂರು ಬಣ್ಣಕ್ಕೂ ಒಂದೇ ಅಂಕಿ ಸಾಕು. ಹಿನ್ನೆಲೆ ತಿಳಿ ಬೂದು, 200. ಅಂಚಿನ ಪಿಕ್ಸೆಲ್ಲಿನಲ್ಲಿ ಹೂವಿನದು ಅರ್ಧ, ಹಿನ್ನೆಲೆಯದು ಅರ್ಧ. 120 ಮತ್ತು 100 ಸೇರಿ 220. ಹೂವಿಗೂ ಹಿನ್ನೆಲೆಗೂ ನಟ್ಟನಡುವಿನ ಬಣ್ಣ ಇದು. ಕಣ್ಣಿಗೆ ಬೇಕಾದದ್ದೂ ಇದೇ.

ಗುಣಾಕಾರ ಯಾರ ಕೆಲಸ?

240 ಅನ್ನು 0.5ರಿಂದ ಗುಣಿಸಿ 120 ಮಾಡಿಕೊಂಡೆವಲ್ಲ, ಆ ಗುಣಾಕಾರವನ್ನು ಮಾಡಲು ಎರಡು ಜಾಗ ಇವೆ. ಫೈಲಿನಲ್ಲಿ ಬಣ್ಣವನ್ನು 240 ಎಂದೇ ಬರೆದು, ಗುಣಾಕಾರವನ್ನು ಹಿನ್ನೆಲೆಯ ಮೇಲೆ ಇಡುವ ಹೊತ್ತಿಗೆ ಬಿಡಬಹುದು. ಇದು ಸ್ಟ್ರೇಟ್ ಆಲ್ಫಾ.

```
ತೋರುವ ಬಣ್ಣ = ಬಣ್ಣ × α + ಹಿನ್ನೆಲೆ × (1 − α)
```

ಇಲ್ಲವೇ ಮೊದಲೇ ಗುಣಿಸಿ, ಫೈಲಿನಲ್ಲೇ 120 ಎಂದು ಬರೆದುಬಿಡಬಹುದು. ಇದು ಪ್ರಿಮಲ್ಟಿಪ್ಲೈಡ್ ಆಲ್ಫಾ. ಆಗ ಲೆಕ್ಕ ಚಿಕ್ಕದಾಗುತ್ತದೆ.

```
ತೋರುವ ಬಣ್ಣ = ಫೈಲಿನ ಬಣ್ಣ + ಹಿನ್ನೆಲೆ × (1 − α)
```

ಎರಡರಲ್ಲೂ ಉತ್ತರ 220. ಬರೆದವರು, ಓದುವವರು ಒಂದೇ ಪದ್ಧತಿ ಹಿಡಿದರೆ ಏನೂ ವ್ಯತ್ಯಾಸವಿಲ್ಲ. ಗೊಂದಲ ಬರುವುದು ಅಡುಗೆಮನೆಯ ಉಪ್ಪಿನ ಹಾಗೆ: ಸಾರಿಗೆ ಒಬ್ಬರು ಹಾಕಿದ್ದು ಗೊತ್ತಿಲ್ಲದೆ ಇನ್ನೊಬ್ಬರೂ ಹಾಕುತ್ತಾರೆ, ಇಲ್ಲವೇ ಅವರು ಹಾಕಿರುತ್ತಾರೆ ಎಂದುಕೊಂಡು ಇಬ್ಬರೂ ಬಿಡುತ್ತಾರೆ.

ಎರಡು ಸಲ ಗುಣಿಸಿದರೆ ಏನಾಗುತ್ತದೆ ನೋಡಿ. ಫೈಲಿನಲ್ಲಿ ಈಗಾಗಲೇ 120 ಇದೆ. ಓದುವ ಸಾಫ್ಟ್‌ವೇರ್ ಅದನ್ನು ಸ್ಟ್ರೇಟ್ ಎಂದು ತಿಳಿದು ಮತ್ತೆ ಅರ್ಧ ಮಾಡುತ್ತದೆ: 60. ಹಿನ್ನೆಲೆಯ 100 ಸೇರಿದರೆ 160. ಹೂವು 240, ಹಿನ್ನೆಲೆ 200, ನಡುವಿನ ಗೆರೆ 160. ಎರಡಕ್ಕಿಂತಲೂ ಮಸುಕಾದ ಬಣ್ಣ ಅವುಗಳ ನಡುವೆ ಬಂದು ಕೂತಿತು. ಮಲ್ಲಿಗೆಯ ಸುತ್ತಿನ ಬೂದು ಗೆರೆ ಇದೇ.

ಯಾರೂ ಗುಣಿಸದೆ ಬಿಟ್ಟರೆ ಇದರ ತಿರುಗುಮುರುಗು. ಫೈಲಿನ 240ಕ್ಕೆ ನೇರವಾಗಿ 100 ಸೇರಿ 340 ಆಗುತ್ತದೆ. 255ರ ಮೇಲೆ ಜಾಗವಿಲ್ಲವಾದ್ದರಿಂದ ಅಲ್ಲಿಗೇ ನಿಲ್ಲುತ್ತದೆ. ಈಗ ಅಂಚು ಹೂವಿಗಿಂತಲೂ ಬೆಳ್ಳಗೆ, ಗರಗಸದ ಹಲ್ಲಿನಂತೆ ಒರಟಾಗಿ ಕಾಣುತ್ತದೆ.

ಕೂದಲು ಹೇಗೆ ಪಾರಾಯಿತು ಎನ್ನುವುದೂ ಇದೇ ಲೆಕ್ಕದಲ್ಲಿದೆ. ಕೂದಲಿನ ಬಣ್ಣ 20 ಎಂದಿಟ್ಟುಕೊಂಡರೆ ಸರಿಯಾದ ಉತ್ತರ 110, ಎರಡು ಸಲ ಗುಣಿಸಿದರೆ 105. ಈ ಐದರ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಕಪ್ಪಿಗೆ ಕಳೆದುಕೊಳ್ಳಲು ಬೆಳಕೇ ಇಲ್ಲ. ಹೀಗಾಗಿ ಕಪ್ಪು ನೆರಳು, ಕಪ್ಪು ಅಕ್ಷರ, ಕಪ್ಪು ಕೂದಲನ್ನು ನೋಡಿ ಫೈಲ್ ಸರಿಯಿದೆ ಎಂದು ತೀರ್ಮಾನಿಸಬಾರದು. ತಪ್ಪು ಮೊದಲು ಗೊತ್ತಾಗುವುದು ಬಿಳಿಯಲ್ಲಿ. ಅದರಲ್ಲೂ ಆಲ್ಫಾ ಅರ್ಧದ ಆಸುಪಾಸು ಇರುವಲ್ಲಿ ನಷ್ಟ ಅತಿ ಹೆಚ್ಚು. ಹೂವಿನ ಅಂಚಿನಲ್ಲಿ ಅಂಥ ಪಿಕ್ಸೆಲ್‌ಗಳು ಒಂದು ಗೆರೆಯಷ್ಟೇ ಇರುತ್ತವೆ. ತೆಳು ಪರದೆ, ಹೋಮದ ಹೊಗೆಯಂಥವುಗಳಲ್ಲಿ ಅವು ತುಂಬಾ ಅಗಲಕ್ಕೆ ಹರಡಿರುವುದರಿಂದ ಇಡೀ ಭಾಗವೇ ಕೊಳೆಯಾದಂತೆ ಕಾಣುತ್ತದೆ.

ಒಂದೇ ಪದ್ಧತಿ ಯಾಕಿಲ್ಲ?

ಎರಡಕ್ಕೂ ಅದರದರ ಅನುಕೂಲ ಇದೆ. 1984ರಲ್ಲಿ ಲೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಲೆಕ್ಕವನ್ನು ಒಂದು ಪ್ರಬಂಧದಲ್ಲಿ ವಿವರಿಸಿದಾಗ ಆರಿಸಿಕೊಂಡದ್ದು ಪ್ರಿಮಲ್ಟಿಪ್ಲೈಡ್ ಪದ್ಧತಿಯನ್ನು. ಹತ್ತಾರು ಪದರಗಳನ್ನು ಕೂಡಿಸುವಾಗ ಪ್ರತಿ ಸಲ ಗುಣಿಸುವ ಕೆಲಸ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾದ ಲಾಭ ಚಿತ್ರವನ್ನು ಚಿಕ್ಕದು ಮಾಡುವಾಗ ಗೊತ್ತಾಗುತ್ತದೆ.

ಚಿತ್ರ ಚಿಕ್ಕದಾಗುವಾಗ ಪಕ್ಕಪಕ್ಕದ ಪಿಕ್ಸೆಲ್‌ಗಳನ್ನು ಸರಾಸರಿ ಮಾಡಿ ಒಂದಾಗಿಸುತ್ತಾರೆ. ಪೂರ್ತಿ ಹೂವಿರುವ ಒಂದು ಪಿಕ್ಸೆಲ್: ಬಣ್ಣ 240, ಆಲ್ಫಾ 1. ಅದರ ಪಕ್ಕ ಪೂರ್ತಿ ಖಾಲಿ ಪಿಕ್ಸೆಲ್: ಆಲ್ಫಾ 0. ಆ ಖಾಲಿ ಪಿಕ್ಸೆಲ್ಲಿಗೂ ಫೈಲಿನಲ್ಲಿ ಏನಾದರೊಂದು ಬಣ್ಣ ಬರೆದಿರಲೇಬೇಕು. ಕಣ್ಣಿಗೆ ಕಾಣದಿದ್ದರೂ ಅದು ಅಲ್ಲಿರುತ್ತದೆ, ಎಷ್ಟೋ ಸಲ ಕಪ್ಪು. ಸ್ಟ್ರೇಟ್ ಅಂಕಿಗಳನ್ನು ಹಾಗೆಯೇ ಸರಾಸರಿ ಮಾಡಿದರೆ ಬಣ್ಣ 120, ಆಲ್ಫಾ 0.5. ಹಿನ್ನೆಲೆಯ ಮೇಲಿಟ್ಟರೆ 60 ಮತ್ತು 100 ಸೇರಿ ಮತ್ತೆ ಅದೇ 160! ಯಾರೂ ಫೈಲನ್ನು ತಪ್ಪಾಗಿ ಓದಲಿಲ್ಲ, ಆದರೂ ಬೂದು ಗೆರೆ ಬಂತು. ಕಾಣದ ಕಪ್ಪು ಸರಾಸರಿಯೊಳಗೆ ಸೇರಿಕೊಂಡಿತು. ಅದೇ ಪ್ರಿಮಲ್ಟಿಪ್ಲೈಡ್ ಅಂಕಿಗಳಾದರೆ 120 ಮತ್ತು 0.5 ಎನ್ನುವುದೇ ಸರಿಯಾದ ಸರಾಸರಿ, ಉತ್ತರ 220. ಆದ್ದರಿಂದ ಚಿತ್ರದ ಅಳತೆ ಬದಲಿಸುವಾಗ, ತಿರುಗಿಸುವಾಗ, ಮಬ್ಬು ಮಾಡುವಾಗ ಒಳ್ಳೆಯ ಸಾಫ್ಟ್‌ವೇರ್‌ಗಳು ಒಳಗೊಳಗೇ ಪ್ರಿಮಲ್ಟಿಪ್ಲೈ ಮಾಡಿಕೊಳ್ಳುತ್ತವೆ. ಕಟೌಟ್ ಪೂರ್ತಿ ಅಳತೆಯಲ್ಲಿ ಚೆನ್ನಾಗಿದ್ದು ಚಿಕ್ಕದು ಮಾಡಿದೊಡನೆ ಮಾತ್ರ ಗೆರೆ ಬಂದರೆ ಅನುಮಾನ ಇದರ ಮೇಲೆ ಇರಲಿ.

ಸ್ಟ್ರೇಟ್ ಪದ್ಧತಿಯ ಬಲ ಬೇರೆ ಕಡೆ ಇದೆ. ಬಣ್ಣ ತಿದ್ದಬೇಕಾದಾಗ ನಿಜವಾದ ಬಣ್ಣ ಪೂರ್ತಿಯಾಗಿ ಕೈಗೆ ಸಿಗುತ್ತದೆ. ಪ್ರಿಮಲ್ಟಿಪ್ಲೈಡ್‌ನಲ್ಲಿ ಆಲ್ಫಾ ತೀರಾ ಕಡಿಮೆ ಇರುವ ಕಡೆ ಬಣ್ಣವೇ ಸವೆದುಹೋಗುತ್ತದೆ. ಆಲ್ಫಾವನ್ನೂ 255ರ ಅಳತೆಯಲ್ಲಿ ಬರೆಯುವ ಸಾಮಾನ್ಯ ಫೈಲಿನಲ್ಲಿ ಅದು ಬರೀ 2 ಇದ್ದರೆ, ಗುಣಿಸಿದ ಬಣ್ಣಕ್ಕೆ ಉಳಿಯುವುದು 0, 1, 2 ಎನ್ನುವ ಮೂರೇ ಮೆಟ್ಟಿಲು. ಆಮೇಲೆ ಭಾಗಿಸಿ ಹಿಂದಕ್ಕೆ ತರಲು ಹೋದರೆ ಮೂಲ ಬಣ್ಣ ಸಿಗುವುದಿಲ್ಲ.

ಫೈಲ್ ಬಗೆಗಳೂ ಹೀಗೆಯೇ ಪಾಲಾಗಿವೆ. ಪಿಎನ್‌ಜಿ ನಿಯಮದ ಪ್ರಕಾರ ಯಾವಾಗಲೂ ಸ್ಟ್ರೇಟ್. ಸಿನಿಮಾ ಗ್ರಾಫಿಕ್ಸಿನವರ ಓಪನ್‌ಇಎಕ್ಸ್‌ಆರ್ ರೂಢಿಯಲ್ಲಿ ಪ್ರಿಮಲ್ಟಿಪ್ಲೈಡ್. ಟಿಫ್‌ನಲ್ಲಿ ಎರಡಕ್ಕೂ ಅವಕಾಶವಿದ್ದು, ಯಾವುದೆಂದು ಹೇಳುವ ಗುರುತನ್ನು ಫೈಲಿನಲ್ಲೇ ಇಡಬಹುದು. ಆದರೆ ಯಾರೋ ಮೊದಲೇ ಗುಣಿಸಿದ ಅಂಕಿಗಳನ್ನು ಪಿಎನ್‌ಜಿಯಾಗಿ ಉಳಿಸಿಬಿಟ್ಟರೆ, ಓದುವ ಸಾಫ್ಟ್‌ವೇರಿಗೆ ಅದನ್ನು ತಿಳಿಯುವ ದಾರಿಯೇ ಇಲ್ಲ. ಅದು ನಿಯಮದಂತೆ ಇನ್ನೊಮ್ಮೆ ಗುಣಿಸುತ್ತದೆ.

ಪತ್ತೆ ಹಚ್ಚುವುದು ಹೇಗೆ?

ಕಟೌಟನ್ನು ಮೊದಲು ಕಪ್ಪು ಹಿನ್ನೆಲೆಯ ಮೇಲೆ, ಆಮೇಲೆ ತಿಳಿ ಬೂದಿನ ಮೇಲೆ ಇಟ್ಟು ಅಂಚನ್ನು ದೊಡ್ಡದು ಮಾಡಿ ನೋಡಿ. ಕಪ್ಪಿನ ಮೇಲೆ ಏನೂ ತೋರದೆ ಬೂದಿನ ಮೇಲೆ ಗೆರೆ ಎದ್ದರೆ ಎರಡು ಸಲ ಗುಣಾಕಾರ ಆಗಿದೆ. ಕಪ್ಪಿನ ಮೇಲೂ ಅಂಚು ಒರಟಾಗಿ ಹೊಳೆದರೆ ಗುಣಾಕಾರವೇ ಆಗಿಲ್ಲ.

ಇನ್ನೂ ಖಚಿತವಾಗಬೇಕಿದ್ದರೆ ಆಲ್ಫಾವನ್ನು ಬಿಟ್ಟು ಬರೀ ಬಣ್ಣವನ್ನು ತೋರಿಸುವಂತೆ ಮಾಡಿ. ಹೂವು ಕಪ್ಪು ಹಿನ್ನೆಲೆಯಲ್ಲಿ ನುಣುಪಾಗಿ ಕರಗುವ ಅಂಚಿನೊಂದಿಗೆ ಕಂಡರೆ ಫೈಲ್ ಪ್ರಿಮಲ್ಟಿಪ್ಲೈಡ್. ಎಸಳಿನ ಬಿಳುಪು ಅಂಚನ್ನು ದಾಟಿ ಒಡ್ಡೊಡ್ಡಾಗಿ ಹೊರಗೆ ಚಾಚಿದ್ದರೆ ಸ್ಟ್ರೇಟ್. ನೋಡಲು ಕೆಟ್ಟದಾಗಿ ಕಾಣುವ ಈ ಎರಡನೆಯದನ್ನು ಕಂಡು ಫೈಲ್ ಹಾಳಾಗಿದೆ ಎಂದು ಗಾಬರಿಯಾಗಬೇಕಿಲ್ಲ, ಸ್ಟ್ರೇಟ್ ಇರುವುದೇ ಹಾಗೆ.

ಗೊತ್ತಾದ ಮೇಲೆ ಸರಿಪಡಿಸುವುದು ಸುಲಭ. ಆಫ್ಟರ್ ಎಫೆಕ್ಟ್ಸ್‌ನಲ್ಲಿ `Interpret Footage` ತೆರೆದರೆ `Straight - Unmatted` ಮತ್ತು `Premultiplied - Matted With Color` ಎಂಬ ಆಯ್ಕೆಗಳಿವೆ. ಬ್ಲೆಂಡರ್‌ನಲ್ಲಿ ಚಿತ್ರದ `Alpha` ಎನ್ನುವಲ್ಲಿ ಇದೇ ಆಯ್ಕೆ ಸಿಗುತ್ತದೆ. ಕಪ್ಪಿನೊಂದಿಗೆ ಬೆರೆತುಹೋದ ಪದರ ಫೋಟೋಶಾಪಿಗೆ ಬಂದಿದ್ದರೆ `Remove Black Matte` ಆ ಗುಣಾಕಾರವನ್ನು ಭಾಗಾಕಾರದಿಂದ ಹಿಂದಕ್ಕೆ ತಿರುಗಿಸುತ್ತದೆ. ಹಳೆಯ ಲೋಗೊಗಳು ಬಿಳಿಯೊಂದಿಗೆ ಬೆರೆತಿರುವುದುಂಟು, ಅಂಥವಕ್ಕೆ `Remove White Matte`.

ಆಯ್ಕೆಯನ್ನು ಅತ್ತಿತ್ತ ಬದಲಿಸಿದರೂ ಅಂಚಿನಲ್ಲಿ ಛತ್ರದ ಗೋಡೆಯ ಹಸಿರೋ ಹಳದಿಯೋ ಉಳಿದೇ ಇದ್ದರೆ, ಅದು ಫೋಟೋ ತೆಗೆದಾಗಲೇ ಎಸಳಿನ ಅಂಚಿನಲ್ಲಿ ಬೆರೆತ ಬಣ್ಣ. ಆಲ್ಫಾ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ, ಅಂಚನ್ನು ಕೈಯಾರೆ ತಿದ್ದಬೇಕು. ಉಳಿದ ಗೆರೆಗಳಿಗೆಲ್ಲ ಫೈಲ್ ಕೊಡುವವರು ‘ಸ್ಟ್ರೇಟ್’ ಅಥವಾ ‘ಪ್ರಿಮಲ್ಟಿಪ್ಲೈಡ್, ಕಪ್ಪಿನ ಮೇಲೆ’ ಎಂದು ಜೊತೆಗೊಂದು ಸಾಲು ಬರೆದು ಕಳಿಸಿದರೆ ಸಾಕು. ತೆರೆಯುವವರು ಊಹಿಸಬೇಕಾಗುವುದಿಲ್ಲ, ಗುಣಾಕಾರ ಒಂದೇ ಸಲ ಆಗುತ್ತದೆ.