ನಂಬುವ ತಾಣ, ಬಿಡುವ ತಾಣ

ಪದವಿಯ ಮೊದಲ ವರ್ಷಕ್ಕೆ ಸೇರಿರುವ ವಿದ್ಯಾರ್ಥಿಗಳೇ,

ಇನ್ನೊಂದು ತಿಂಗಳಲ್ಲಿ ನಿಮ್ಮ ಫೋನಿಗೆ ಎಂಥ ಲಿಂಕುಗಳು ಬರುತ್ತವೆ ಎಂಬುದನ್ನು ಈಗಲೇ ಹೇಳಿಬಿಡಬಹುದು. ವಿದ್ಯಾರ್ಥಿವೇತನಕ್ಕೆ ಇವತ್ತೇ ಕೊನೆಯ ದಿನ ಎನ್ನುವುದೊಂದು, ಉಚಿತ ಲ್ಯಾಪ್‌ಟಾಪ್ ಎನ್ನುವುದೊಂದು, ಮನೆಯಲ್ಲೇ ಕೂತು ಕೆಲಸ ಎನ್ನುವುದೊಂದು. ಕಳಿಸುವವರು ಕೆಟ್ಟವರೇನಲ್ಲ. ನಿಮ್ಮ ಅಣ್ಣನೋ, ಪಕ್ಕದ ಮನೆಯ ಅಕ್ಕನೋ, ಪಿಯುಸಿ ಗೆಳೆಯರ ವಾಟ್ಸ್‌ಆ್ಯಪ್ ಗುಂಪೋ ಇರುತ್ತದೆ. ಅವರಿಗೂ ಅದು ಬೇರೆ ಯಾರಿಂದಲೋ ಬಂದಿರುತ್ತದೆ. ಹಾಗಾಗಿ ಕಳಿಸಿದವರ ಮುಖ ನೋಡಿ ತಾಣವನ್ನು ನಂಬಿದರೆ ಕೆಲಸ ಕೆಡುತ್ತದೆ. ನಿಮ್ಮ ಕೈಯಲ್ಲಿ ನೀವೇ ಪರೀಕ್ಷಿಸಿ ಬರೆದಿಟ್ಟುಕೊಂಡ ಒಂದು ಪಟ್ಟಿ ಇರಬೇಕು. ಅದಕ್ಕೆ ಒಂದು ತಾಣವನ್ನು ಸೇರಿಸುವುದು ಹೇಗೆ, ಹೊಡೆದುಹಾಕುವುದು ಯಾವಾಗ, ಇವತ್ತು ಇಷ್ಟನ್ನೇ ಹೇಳುತ್ತೇನೆ.

ಮೊದಲು ವಿಳಾಸ ಓದುವುದನ್ನು ಕಲಿಯೋಣ. 2021ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಒಂದು ಎಚ್ಚರಿಕೆ ಹೊರಡಿಸಿತ್ತು. ಸರ್ವ ಶಿಕ್ಷಾ ಅಭಿಯಾನ, ಸಮಗ್ರ ಶಿಕ್ಷಾ ಎಂಬ ಸರ್ಕಾರಿ ಯೋಜನೆಗಳ ಹೆಸರಿನಲ್ಲಿ ಕೆಲವರು ತಾಣಗಳನ್ನು ತೆರೆದು, ಅಸಲಿ ತಾಣದ ವಿನ್ಯಾಸವನ್ನೂ ಬರಹವನ್ನೂ ಹಾಗೇ ನಕಲು ಮಾಡಿ, ಕೆಲಸ ಕೊಡುತ್ತೇವೆಂದು ಅರ್ಜಿ ಶುಲ್ಕ ವಸೂಲಿ ಮಾಡುತ್ತಿದ್ದರು. ಸಚಿವಾಲಯ ಹೆಸರಿಸಿದ ತಾಣಗಳಲ್ಲಿ ಒಂದರ ವಿಳಾಸ samagra.shikshaabhiyan.co.in. ಇದನ್ನು ತೆರೆಯಬೇಡಿ, ಓದಿ ಸಾಕು.

ನಾವು ಎಡದಿಂದ ಬಲಕ್ಕೆ ಓದುವವರು. ಕಣ್ಣಿಗೆ ಮೊದಲು ಸಿಗುವುದು ಸಮಗ್ರ, ಆಮೇಲೆ ಶಿಕ್ಷಾ ಅಭಿಯಾನ. ಎರಡೂ ಪರಿಚಿತ ಹೆಸರು, ಅಲ್ಲಿಗೆ ಮನಸ್ಸು ಒಪ್ಪಿಬಿಡುತ್ತದೆ. ಆದರೆ ತಾಣದ ವಿಳಾಸವನ್ನು ಕಾಗದದ ಲಕೋಟೆಯ ಮೇಲಿನ ವಿಳಾಸದಂತೆ ಕೊನೆಯಿಂದ ಓದಬೇಕು. ಮನೆಯ ಹೆಸರು ಏನಾದರೂ ಇರಲಿ, ಕಾಗದ ಯಾವ ಊರಿಗೆ ಹೋಗುತ್ತದೆ ಎಂದು ಹೇಳುವುದು ಕೆಳಗಿನ ಸಾಲು. ಇಲ್ಲಿಯೂ https:// ಆದ ಮೇಲೆ ಮೊದಲ ಓರೆಗೆರೆ ಎಲ್ಲಿದೆ ನೋಡಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಈ ವಿಳಾಸದ ತುದಿಯಲ್ಲಿರುವುದು .co.in. ಅದನ್ನು ಹಣ ಕೊಟ್ಟ ಯಾರು ಬೇಕಾದರೂ ಪಡೆಯಬಹುದು. ಅದರ ಹಿಂದಿನ shikshaabhiyan ಎಂಬುದು ಯಾರೋ ಕೊಂಡುಕೊಂಡ ಹೆಸರು. ಇನ್ನು samagra ಎಂಬುದಕ್ಕೆ ಬಿಡಿಗಾಸೂ ಖರ್ಚಿಲ್ಲ. ಒಂದು ಹೆಸರನ್ನು ಕೊಂಡವರು ಅದರ ಎಡಕ್ಕೆ ಚುಕ್ಕಿ ಹಾಕಿ ತಮಗಿಷ್ಟ ಬಂದದ್ದನ್ನು ಸೇರಿಸಿಕೊಳ್ಳಬಹುದು. ಮೋಸಗಾರರು ಸರ್ಕಾರದ ಹೆಸರನ್ನೋ ಬ್ಯಾಂಕಿನ ಹೆಸರನ್ನೋ ತಂದು ಕೂರಿಸುವುದು ಹೆಚ್ಚಾಗಿ ಈ ಎಡಭಾಗದಲ್ಲೇ. ಓರೆಗೆರೆಯ ಬಲಕ್ಕೆ ಬರುವುದೂ ಅಷ್ಟೇ. ಅಲ್ಲಿ gov ಎಂದಿದ್ದರೂ ಅದಕ್ಕೆ ಬೆಲೆಯಿಲ್ಲ.

ಈಗ ರಾಜ್ಯದ ವಿದ್ಯಾರ್ಥಿವೇತನದ ತಾಣ ನೋಡಿ: ssp.postmatric.karnataka.gov.in. ತುದಿಯಲ್ಲಿ .gov.in ಇದೆ. ಇದನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ, ಕೊಡುವುದು ಎನ್‌ಐಸಿ. ಅದರ ಹಿಂದೆ karnataka. ಅಂದರೆ ಅದರ ಎಡಕ್ಕೆ ಏನೇ ಇದ್ದರೂ ಅದು ರಾಜ್ಯ ಸರ್ಕಾರದ ಅಂಗಳದಲ್ಲೇ ಇದೆ. ನಿಮ್ಮ ಪ್ರವೇಶ, ಪರೀಕ್ಷೆ, ಅಂಕಪಟ್ಟಿಗೆ ಬೇಕಾಗುವ uucms.karnataka.gov.in ಕೂಡ ಹಾಗೆಯೇ. ಕೇಂದ್ರದ ವಿದ್ಯಾರ್ಥಿವೇತನ scholarships.gov.in ತಾಣದಲ್ಲಿ. ಹಾಗೆಂದು ಅಸಲಿಯೆಲ್ಲ .gov.in ಎಂದೇ ಮುಗಿಯಬೇಕೆಂದಿಲ್ಲ. ನೀವು ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿದ karresults.nic.in ಕೂಡ ಸರ್ಕಾರದ್ದೇ. ಕಾಲೇಜು, ವಿಶ್ವವಿದ್ಯಾಲಯಗಳಿಗೆ .ac.in ಇದೆ, ಅದನ್ನು ಎರ್ನೆಟ್ ಇಂಡಿಯಾ ಎಂಬ ಸಂಸ್ಥೆ ದಾಖಲೆ ನೋಡಿಯೇ ಕೊಡುತ್ತದೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ .bank.in ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಆದರೆ .org ಎಂದರೆ ಸೇವಾಸಂಸ್ಥೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. .com ಎಷ್ಟು ಸುಲಭವೋ .org ಸಹ ಅಷ್ಟೇ ಸುಲಭವಾಗಿ ಯಾರಿಗಾದರೂ ಸಿಗುತ್ತದೆ.

ಬೀಗದ ಚಿತ್ರ ಇದ್ದರೆ ಸುರಕ್ಷಿತ ಎಂದು ನಿಮಗೆ ಯಾರಾದರೂ ಹೇಳಿರಬಹುದು. ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂಬುದಷ್ಟೇ ಆ ಬೀಗದ ಅರ್ಥ. ಆ ಕಡೆ ಕೂತಿರುವವರು ಯಾರೆಂದು ಅದು ಹೇಳುವುದಿಲ್ಲ. ಬೀಗದ ಪ್ರಮಾಣಪತ್ರ ಪುಕ್ಕಟೆ ಸಿಗುತ್ತದೆ, ಮೋಸದ ತಾಣಗಳೂ ಅದನ್ನು ಹಾಕಿಕೊಂಡಿರುತ್ತವೆ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಚಿತ್ರವನ್ನು ತೆಗೆದು ಬೇರೆ ಗುರುತು ಹಾಕಿತು.

ವಿಳಾಸ ಓದಿದರೆ ತಾಣ ಯಾರದ್ದೆಂದು ಗೊತ್ತಾಗುತ್ತದೆ. ಅವರು ಬರೆದದ್ದು ನಂಬತಕ್ಕದ್ದೇ ಎಂಬುದು ಬೇರೆ ಪ್ರಶ್ನೆ, ಓದುವ ಮಕ್ಕಳಿಗೆ ಅದೇ ದೊಡ್ಡ ಪ್ರಶ್ನೆ. ಇದಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್, ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ವಿವರವಾಗಿ ಹೇಳಬೇಕು. ಅವರು ಮೂರು ಬಗೆಯ ಜನರನ್ನು ಕೂರಿಸಿದರು: ಇತಿಹಾಸದಲ್ಲಿ ಪಿಎಚ್‌.ಡಿ. ಪಡೆದ 10 ಮಂದಿ, ಪತ್ರಿಕೆಗಳಿಗೆ ಸತ್ಯಾಂಶ ಪರೀಕ್ಷಿಸುವ ವೃತ್ತಿಯ 10 ಮಂದಿ, ಅದೇ ವಿಶ್ವವಿದ್ಯಾಲಯದ 25 ಪದವಿ ವಿದ್ಯಾರ್ಥಿಗಳು. ಮಕ್ಕಳ ವೈದ್ಯರ ಎರಡು ಸಂಘಗಳ ತಾಣಗಳನ್ನು ತೋರಿಸಿ ಯಾವುದು ಹೆಚ್ಚು ನಂಬತಕ್ಕದ್ದು ಎಂದು ಕೇಳಿದರು. ಒಂದು ‘ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್’, 1930ರಲ್ಲಿ ಹುಟ್ಟಿದ್ದು, ಸಾವಿರಾರು ವೈದ್ಯರು ಸದಸ್ಯರಾಗಿರುವ ದೊಡ್ಡ ಸಂಘ. ಇನ್ನೊಂದು ‘ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್’. ಸಲಿಂಗ ದಂಪತಿ ಮಕ್ಕಳನ್ನು ದತ್ತು ತೆಗೆದುಕೊಳ್ಳುವ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು, 2002ರಲ್ಲಿ ಬೇರೆಯಾಗಿ ಹೋದವರ ಚಿಕ್ಕ ಗುಂಪು ಅದು. ಎರಡರ ಹೆಸರೂ ಗಂಭೀರ, ಎರಡರ ಪುಟವೂ ಅಚ್ಚುಕಟ್ಟು.

ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆ ಚಿಕ್ಕ ಗುಂಪಿನ ತಾಣವೇ ಹೆಚ್ಚು ನಂಬತಕ್ಕದ್ದು ಎಂದರು. ಇತಿಹಾಸಕಾರರಲ್ಲಿಯೂ ಹಲವರು ತಡವರಿಸಿದರು. ಅವರು ದಡ್ಡರಾಗಿರಲಿಲ್ಲ. ಪುಟವನ್ನು ಮೇಲಿನಿಂದ ಕೆಳಗೆ ಶ್ರದ್ಧೆಯಿಂದ ಓದಿದರು, ಲಾಂಛನ ನೋಡಿದರು, ಉಲ್ಲೇಖಗಳನ್ನು ನೋಡಿದರು. ತನ್ನ ಬಗ್ಗೆ ತಾಣ ತಾನೇ ಹೇಳಿಕೊಂಡದ್ದನ್ನು ಓದುತ್ತ ಕುಳಿತದ್ದೇ ತೊಂದರೆಯಾಯಿತು. ವೃತ್ತಿಯ ಪರೀಕ್ಷಕರು ಮಾತ್ರ ಪುಟ ತೆರೆದ ಕ್ಷಣಗಳಲ್ಲೇ ಅದನ್ನು ಬಿಟ್ಟು ಪಕ್ಕಕ್ಕೆ ಹೊಸ ಟ್ಯಾಬ್ ತೆರೆದರು. ಆ ಸಂಘದ ಹೆಸರು ಹಾಕಿ ಬೇರೆಯವರು ಅದರ ಬಗ್ಗೆ ಏನು ಬರೆದಿದ್ದಾರೆಂದು ನೋಡಿದರು. ಒಬ್ಬರೂ ತಪ್ಪಲಿಲ್ಲ, ಸಮಯವೂ ಕಡಿಮೆ ಸಾಕಾಯಿತು.

ನೀವೂ ಹೀಗೇ ಮಾಡಿ. ಗೊತ್ತಿಲ್ಲದ ತಾಣವನ್ನು ಪಟ್ಟಿಗೆ ಸೇರಿಸುವ ಮೊದಲು ಪಕ್ಕದ ಟ್ಯಾಬಿನಲ್ಲಿ ಅದರ ಹೆಸರು ಹುಡುಕಿ. ವಿಕಿಪೀಡಿಯದ ಪುಟವಿದ್ದರೆ ಅದರ ಕೆಳಗಿನ ಉಲ್ಲೇಖಗಳನ್ನು ನೋಡಿ. ಸರ್ಕಾರದ ಯೋಜನೆ ಎಂದು ಹೇಳಿಕೊಂಡಿದ್ದರೆ ಪಿಐಬಿ ಫ್ಯಾಕ್ಟ್ ಚೆಕ್ ಅದರ ಬಗ್ಗೆ ಏನಾದರೂ ಹೇಳಿದೆಯೇ ನೋಡಿ. ಇನ್ನೂ ಅನುಮಾನವಿದ್ದರೆ ಆ ಹೆಸರು ಯಾವಾಗ ನೋಂದಣಿಯಾಯಿತೆಂದು ಹುಡುಕಬಹುದು. .in ಎಂದು ಮುಗಿಯುವ ವಿಳಾಸಗಳಿಗೆ registry.in ತಾಣದಲ್ಲಿ WHOIS ಎಂಬ ಸೌಲಭ್ಯವಿದೆ. ಹತ್ತು ವರ್ಷದಿಂದ ನಡೆಯುತ್ತಿದೆ ಎನ್ನುವ ಸಂಸ್ಥೆಯ ವಿಳಾಸ ಹೋದ ತಿಂಗಳು ನೋಂದಣಿಯಾಗಿದ್ದರೆ ಅದನ್ನು ಅಲ್ಲಿಗೇ ಬಿಡಿ.

ಪಟ್ಟಿಯನ್ನು ಬ್ರೌಸರಿನ ಬುಕ್‌ಮಾರ್ಕಿನಲ್ಲಿ ಒಂದು ಫೋಲ್ಡರ್ ಮಾಡಿ ಇಡಿ. ಕಾಲೇಜು ಕಚೇರಿಯ ಸೂಚನಾ ಫಲಕದಲ್ಲಿರುವ ವಿಳಾಸವನ್ನು ಒಂದು ಸಲ ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿ, ಉಳಿಸಿಕೊಳ್ಳಿ. ಮುಂದೆ ಪ್ರತಿ ಸಲವೂ ಅಲ್ಲಿಂದಲೇ ಹೋಗಿ. ಪ್ರತಿ ಸಲ ಹುಡುಕಿ ಹೋಗುವವರಿಗೆ ಮೇಲೆ ಸಿಗುವುದು ಹಣ ಕೊಟ್ಟು ಹಾಕಿಸಿದ ಜಾಹೀರಾತಾಗಿರಬಹುದು. Sponsored ಎಂದು ಸಣ್ಣದಾಗಿ ಬರೆದಿರುತ್ತದೆ, ಅವಸರದಲ್ಲಿ ಕಾಣುವುದಿಲ್ಲ. ಇನ್ನೊಂದು ಮಾತು: ಹೆಸರಿನ ಜೊತೆ ಆ ತಾಣವನ್ನು ಯಾವುದಕ್ಕೆ ನಂಬುತ್ತೀರಿ, ಯಾವ ದಿನ ಪರೀಕ್ಷಿಸಿದಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕ್ರಿಕೆಟ್ ಸುದ್ದಿಯಲ್ಲಿ ತಪ್ಪದ ಪತ್ರಿಕೆ ಔಷಧಿಯ ವಿಷಯದಲ್ಲಿ ತಪ್ಪಬಹುದು. ಪರೀಕ್ಷಾ ಶುಲ್ಕಕ್ಕೆ ನಂಬುವ ತಾಣ ಇತಿಹಾಸದ ಪ್ರಬಂಧಕ್ಕೆ ಆಧಾರವಾಗುವುದಿಲ್ಲ.

ದಿನಾಂಕ ಬರೆಯಲು ಹೇಳಿದ್ದಕ್ಕೆ ಕಾರಣವಿದೆ. ತಾಣಗಳು ಕೈ ಬದಲಾಗುತ್ತವೆ. ಅಮೆರಿಕದಲ್ಲಿ ‘ದ ಹೇರ್‌ಪಿನ್’ ಎಂಬ ಮಹಿಳೆಯರ ಒಳ್ಳೆಯ ತಾಣವಿತ್ತು. 2018ರಲ್ಲಿ ನಿಂತುಹೋಯಿತು. ಅದರ ವಿಳಾಸ ಇನ್ನೊಬ್ಬರ ಪಾಲಾಗಿ, ಯಂತ್ರ ಹೆಣೆದ ಬರಹಗಳಿಂದ ತುಂಬಿಹೋಗಿತ್ತು, ಹಳೆಯ ಲೇಖನಗಳ ಮೇಲಿದ್ದ ನಿಜವಾದ ಲೇಖಕಿಯರ ಹೆಸರುಗಳನ್ನು ಅಳಿಸಿ ಇಲ್ಲದವರ ಹೆಸರು ಹಾಕಲಾಗಿತ್ತು. 2024ರ ಆರಂಭದಲ್ಲಿ ಪತ್ರಕರ್ತರು ಅದನ್ನು ಬಯಲಿಗೆ ತಂದರು. ಹಳೆಯ ನಂಬಿಕೆಯಿಂದ ಹೋದ ಓದುಗರಿಗೆ ವಿಳಾಸದಲ್ಲಿ ಒಂದಕ್ಷರವೂ ಬದಲಾದಂತೆ ಕಾಣುತ್ತಿರಲಿಲ್ಲ. ಇಂಥ ಅನುಮಾನ ಬಂದಾಗ web.archive.org ಗೆ ಹೋಗಿ ಆ ವಿಳಾಸ ಹಾಕಿ. ಎರಡು ವರ್ಷದ ಹಿಂದೆ ಅದೇ ಪುಟ ಹೇಗಿತ್ತೆಂದು ಅಲ್ಲಿ ಬಹುಮಟ್ಟಿಗೆ ಸಿಗುತ್ತದೆ.

ಸರ್ಕಾರಿ ತಾಣಗಳಿಗೂ ಇದರಿಂದ ವಿನಾಯಿತಿಯಿಲ್ಲ. .gov.in, .ac.in ತಾಣಗಳ ಒಳಗೆ ಯಾರೋ ನುಗ್ಗಿ ಜೂಜಿನ ಜಾಹೀರಾತಿನ ಪುಟಗಳನ್ನು ಸೇರಿಸಿಟ್ಟ ಪ್ರಸಂಗಗಳಿವೆ. ವಿಳಾಸ ಸರಿಯಿದ್ದರೂ ತೆರೆದ ಪುಟ ರಮ್ಮಿಯ ಕಡೆಗೆ ಎಳೆದರೆ ಅಲ್ಲಿ ಪಾಸ್‌ವರ್ಡ್ ಕೊಡಬೇಡಿ. ಇನ್ನು ಕೆಲವು ತಾಣಗಳು ಮೋಸದವಲ್ಲ, ಹಳತಾದವು. ಮೂರು ವರ್ಷದ ಹಿಂದಿನ ಶುಲ್ಕವನ್ನೇ ಇನ್ನೂ ತೋರಿಸುತ್ತಿರುತ್ತವೆ. ಅವುಗಳನ್ನು ಪಟ್ಟಿಯಿಂದ ತೆಗೆಯಬೇಕಾಗಿಲ್ಲ, ಎದುರಿಗೆ ‘ದಿನಾಂಕ ನೋಡಿ’ ಎಂದು ಬರೆದರೆ ಸಾಕು.

ಆದರೆ ಕೆಲವನ್ನು ಎರಡನೇ ಯೋಚನೆ ಇಲ್ಲದೆ ಬಿಡಬೇಕು. ಫಲಿತಾಂಶ ತೋರಿಸಲು ಒಟಿಪಿ ಕೇಳುವ ತಾಣ, ವಿದ್ಯಾರ್ಥಿವೇತನ ಮಂಜೂರಾಗಲು ಮೊದಲು ಹಣ ಕಟ್ಟಿ ಎನ್ನುವ ತಾಣ, ಹತ್ತು ಗುಂಪುಗಳಿಗೆ ಫಾರ್ವರ್ಡ್ ಮಾಡಿದರೆ ಮಾತ್ರ ಅರ್ಜಿ ಮುಂದೆ ಹೋಗುತ್ತದೆ ಎನ್ನುವ ತಾಣ. ನೀವು ರೋಬಾಟ್ ಅಲ್ಲವೆಂದು ತೋರಿಸಲು Allow ಒತ್ತಿ ಎನ್ನುವುದೂ ಇದೇ ಜಾತಿ. ಒತ್ತಿದರೆ ರೋಬಾಟ್ ಪರೀಕ್ಷೆ ಏನೂ ನಡೆಯುವುದಿಲ್ಲ, ನಿಮ್ಮ ಫೋನಿಗೆ ಸೂಚನೆ ಕಳಿಸುವ ಅನುಮತಿ ಅವರಿಗೆ ಸಿಕ್ಕಿರುತ್ತದೆ. ಆಮೇಲೆ ತಾಣ ಮುಚ್ಚಿದರೂ ನಿಮ್ಮ ಫೋನಿನಲ್ಲಿ ವೈರಸ್ ಇದೆ, ನಿಮಗೆ ಬಹುಮಾನ ಬಂದಿದೆ ಎಂಬ ಸಂದೇಶಗಳು ಬರುತ್ತಲೇ ಇರುತ್ತವೆ.

ಹಾಗಾಗಿ ಬಿಡುವುದೆಂದರೆ ಬುಕ್‌ಮಾರ್ಕ್ ಅಳಿಸುವುದಷ್ಟೇ ಅಲ್ಲ. ಕ್ರೋಮ್‌ನ Settings ಒಳಗೆ Site settings, ಅದರಲ್ಲಿ Notifications ತೆರೆಯಿರಿ. ಅನುಮತಿ ಪಡೆದ ತಾಣಗಳ ಹೆಸರುಗಳೆಲ್ಲ ಅಲ್ಲಿರುತ್ತವೆ, ಬೇಡದ್ದನ್ನು ತೆಗೆಯಿರಿ. ಆ ತಾಣದಲ್ಲಿ ಪಾಸ್‌ವರ್ಡ್ ಕೊಟ್ಟಿದ್ದರೆ, ಅದೇ ಪಾಸ್‌ವರ್ಡ್ ಬೇರೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅವತ್ತೇ ಬದಲಿಸಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ದಾಖಲಿಸಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯುವ ಅವಕಾಶ ಹೆಚ್ಚು. ಆಮೇಲೆ ಆ ಲಿಂಕ್ ಕಳಿಸಿದ ಅಣ್ಣನಿಗೋ ಅಕ್ಕನಿಗೋ ಫೋನ್ ಮಾಡಿ ವಿಷಯ ತಿಳಿಸಿ, ಏಕೆಂದರೆ ಅವರು ಅದನ್ನು ಇನ್ನೂ ಹತ್ತು ಕಡೆಗೆ ಕಳಿಸಿರುತ್ತಾರೆ.