ಗಂಟಲು ನೋವು: ವೈರಸ್ಸೋ, ಬ್ಯಾಕ್ಟೀರಿಯಾವೋ?

ಜುಲೈ ತಿಂಗಳೆಂದರೆ ಸಿಡ್ನಿಯಲ್ಲಿ ನಡುಚಳಿಗಾಲ. ಅಂಥ ಒಂದು ಶನಿವಾರ ರಾತ್ರಿ, ರೌಸ್ ಹಿಲ್‌ನ ನಮ್ಮ ಬೀದಿಯಲ್ಲೇ ಇರುವ ತುಮಕೂರು ಕಡೆಯ ಕುಟುಂಬದಿಂದ ದೂರವಾಣಿ ಕರೆ ಬಂದಿತು. ಇಬ್ಬರು ಮಕ್ಕಳಿಗೂ ಗಂಟಲು ನೋವು, ಜ್ವರ. ಊರಿನಿಂದ ಬಂದಿದ್ದ ಅಜ್ಜಿಯ ಪೆಟ್ಟಿಗೆಯಲ್ಲಿ ಅಮಾಕ್ಸಿಸಿಲಿನ್ ಮಾತ್ರೆಗಳಿದ್ದವು. "ಡಾಕ್ಟರಮ್ಮ, ಅರ್ಧ ಅರ್ಧ ಮಾತ್ರೆ ಕೊಟ್ಟುಬಿಡಲೇ? ಇಲ್ಲಿನ ಡಾಕ್ಟರು ಬರೀ ಪ್ಯಾನಡಾಲ್ ಕೊಟ್ಟು ಕಳಿಸುತ್ತಾರಂತೆ" ಎಂದು ಅವರು ಕೇಳಿದರು.

ಹೊಸದಾಗಿ ಬಂದವರ ದೊಡ್ಡ ಅಸಮಾಧಾನಗಳಲ್ಲಿ ಇದೂ ಒಂದು. ಇಲ್ಲಿ ವೈದ್ಯರ ಚೀಟಿಯಿಲ್ಲದೆ ಆಂಟಿಬಯಾಟಿಕ್ ದೊರೆಯುವುದಿಲ್ಲ. ಚೀಟಿಯೂ ಸುಲಭವಾಗಿ ದೊರೆಯುವುದಿಲ್ಲ. ಅದಕ್ಕೆ ಕಾರಣವಿದೆ. ಗಂಟಲು ನೋವುಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬರುವಂಥವು, ಅವುಗಳ ಮೇಲೆ ಆಂಟಿಬಯಾಟಿಕ್ ಏನೂ ಮಾಡದು. ಉಳಿದವುಗಳಲ್ಲಿ ಮುಖ್ಯವಾದದ್ದು ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಇದನ್ನು ಜನ ಚಿಕ್ಕದಾಗಿ ಸ್ಟ್ರೆಪ್ ಎನ್ನುತ್ತಾರೆ.

ಮಾತ್ರೆಗೆ ಕೈಹಾಕುವ ಮೊದಲು ಪ್ಯಾನಡಾಲ್ ಕೊಟ್ಟಿರುವಿರಾ ಎಂದು ತಾಯಿಯನ್ನು ಕೇಳಿದೆ. ಕೊಟ್ಟಿರಲಿಲ್ಲ. ಅದು ಒಳ್ಳೆಯದೇ ಆಯಿತು, ಏಕೆಂದರೆ ಔಷಧ ಕೊಟ್ಟ ಮೇಲೆ ಅಳೆದ ಜ್ವರ ನಮ್ಮನ್ನು ದಾರಿ ತಪ್ಪಿಸುತ್ತದೆ. ಐದು ವರ್ಷದ ಮಗನಿಗೆ 38.2 ಡಿಗ್ರಿ, ಒಂಬತ್ತು ವರ್ಷದ ಮಗಳಿಗೆ 38.9. ಮಗನ ಮೂಗು ಸೋರುತ್ತಿತ್ತು, ಕೆಮ್ಮಿತ್ತು, ಧ್ವನಿ ಒಡೆದಿತ್ತು. ಮಗಳಿಗೆ ಕೆಮ್ಮೂ ಇಲ್ಲ, ಶೀತವೂ ಇಲ್ಲ. ಮಧ್ಯಾಹ್ನ ಆಡುತ್ತಿದ್ದವಳಿಗೆ ಸಂಜೆಯೊಳಗೆ ಉಗುಳು ನುಂಗಲೂ ಆಗದಷ್ಟು ನೋವು, ಜೊತೆಗೆ ತಲೆನೋವು, ಹೊಟ್ಟೆನೋವು.

ವೈದ್ಯರು ಇಂಥ ಸಂದರ್ಭದಲ್ಲಿ ಬಳಸುವ ಲೆಕ್ಕವೊಂದಿದೆ. ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ 1981ರಲ್ಲಿ ಅದನ್ನು ರೂಪಿಸಿದರು; ಅನಂತರ ಕೆನಡಾದ ಮೆಕ್ಐಸಾಕ್ ಅದಕ್ಕೆ ವಯಸ್ಸನ್ನು ಸೇರಿಸಿದರು. 38 ಡಿಗ್ರಿಗೆ ಮೀರಿದ ಜ್ವರಕ್ಕೆ ಒಂದು ಅಂಕ, ಕೆಮ್ಮು ಇಲ್ಲದಿದ್ದರೆ ಒಂದು, ಕತ್ತಿನ ಮುಂಭಾಗದ ಗಂಟುಗಳು ಊದಿ ಮುಟ್ಟಿದರೆ ನೋಯುತ್ತಿದ್ದರೆ ಒಂದು, ಟಾನ್ಸಿಲ್ ಊದಿದ್ದರೆ ಅಥವಾ ಅದರ ಮೇಲೆ ಬಿಳಿ ಪದರವಿದ್ದರೆ ಒಂದು. ಮೂರರಿಂದ ಹದಿನಾಲ್ಕು ವರ್ಷದವರಿಗೆ ಇನ್ನೊಂದು ಅಂಕ ಸೇರುತ್ತದೆ; ನಲವತ್ತೈದು ದಾಟಿದವರಿಗೆ ಒಂದು ಕಳೆಯುತ್ತದೆ.

ಗಂಟಲು ನೋಡಲು ಚಮಚದಿಂದ ನಾಲಿಗೆ ಒತ್ತಬೇಕಾಗಿಲ್ಲ. ಮಗುವನ್ನು ದೀಪದೆದುರು ಕೂರಿಸಿ, ಮೊಬೈಲಿನ ಟಾರ್ಚ್ ಹಿಡಿದು, ಬಾಯಿ ಅಗಲಿಸಿ "ಆ" ಎನ್ನಿಸಿದರೆ ಸಾಕು. ನಾಲಿಗೆಯ ಹಿಂದೆ ಎರಡೂ ಬದಿಗೆ ಕಾಣುವ ಉಬ್ಬುಗಳೇ ಟಾನ್ಸಿಲ್. ಬಳಿಕ ಎರಡು ಬೆರಳುಗಳಿಂದ ದವಡೆಯ ಮೂಲೆಯ ಕೆಳಗೆ ಮೆಲ್ಲನೆ ಒತ್ತಿ ನೋಡಬೇಕು. ಗಂಟು ಸಿಗುವುದಕ್ಕಿಂತ ಮುಟ್ಟಿದಾಗ ಮಗು ಮುಖ ಕಿವುಚುವುದು ಮುಖ್ಯ, ಏಕೆಂದರೆ ಆರೋಗ್ಯವಾಗಿರುವ ಮಕ್ಕಳಲ್ಲೂ ನೋವಿಲ್ಲದ ಸಣ್ಣ ಗಂಟುಗಳು ಕೈಗೆ ಸಿಗುವುದುಂಟು.

ಮಗನ ಗಂಟಲು ಕೆಂಪಾಗಿತ್ತು, ಅಷ್ಟೇ. ಜ್ವರಕ್ಕೊಂದು, ವಯಸ್ಸಿಗೊಂದು, ಎರಡೇ ಅಂಕ. ಮೂಗು ಸೋರುವಿಕೆ, ಒಡೆದ ಧ್ವನಿ ಈ ಲೆಕ್ಕದಲ್ಲಿ ಇಲ್ಲದಿದ್ದರೂ ವೈರಸ್ಸಿನತ್ತಲೇ ಬೆರಳು ತೋರುತ್ತವೆ. ಮಗಳ ಟಾನ್ಸಿಲ್ ಮೇಲೆ ಬಿಳಿ ಚುಕ್ಕೆಗಳಿದ್ದವು, ಕತ್ತು ಮುಟ್ಟಿಸಿಕೊಳ್ಳಲಿಲ್ಲ. ಐದಕ್ಕೆ ಐದು.

"ಹಾಗಾದರೆ ಅವಳಿಗೆ ಬ್ಯಾಕ್ಟೀರಿಯಾವೇ ತಾನೇ?" ಎಂದರು ಅಜ್ಜಿ. ಈ ಲೆಕ್ಕದ ಮಿತಿಯಿರುವುದು ಇಲ್ಲಿಯೇ. ಸೊನ್ನೆ ಅಥವಾ ಒಂದು ಅಂಕ ಬಂದವರಲ್ಲಿ ಸ್ಟ್ರೆಪ್ ಇರುವವರು ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ; ಆದರೆ ನಾಲ್ಕೋ ಐದೋ ಬಂದವರಲ್ಲಿಯೂ ಅದು ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ಇರುತ್ತದೆ. ಎಂದರೆ ಮನೆಯ ಪರೀಕ್ಷೆ "ಇದು ಬಹುಶಃ ಬ್ಯಾಕ್ಟೀರಿಯಾ ಅಲ್ಲ" ಎಂದು ಹೇಳಬಲ್ಲದು; "ಹೌದು, ಇದು ಅದೇ" ಎಂದು ಹೇಳಲಾರದು. ಬಿಳಿ ಚುಕ್ಕೆ ಕಂಡರೆ ಬ್ಯಾಕ್ಟೀರಿಯಾ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ವೈರಸ್ಸುಗಳೂ ಅದನ್ನೇ ಮೂಡಿಸುತ್ತವೆ.

ಈ ಮಾತಿಗೆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಾದರು. ತಿಂಗಳ ಹಿಂದೆ ಅವರು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಮಗನ ಮನೆಯಲ್ಲಿದ್ದಾಗ, ಹದಿನೇಳರ ಮೊಮ್ಮಗನಿಗೆ ಗಂಟಲಲ್ಲಿ ದಟ್ಟ ಬಿಳಿ ಪದರ ಕಂಡು ಇದೇ ಮಾತ್ರೆ ಕೊಟ್ಟಿದ್ದರಂತೆ. ಕೆಲವು ದಿನಗಳಲ್ಲಿ ಹುಡುಗನ ಮೈಯೆಲ್ಲ ಕೆಂಪು ದದ್ದು. ರಕ್ತಪರೀಕ್ಷೆ ಮಾಡಿಸಿದಾಗ ತಿಳಿದದ್ದು, ಅದು ಎಪ್‌ಸ್ಟೈನ್-ಬಾರ್ ವೈರಸ್ಸಿನಿಂದ ಬರುವ ಗ್ಲಾಂಡುಲರ್ ಜ್ವರ ಎಂದು. ಹರೆಯದವರಲ್ಲಿ ಇದು ಸಾಮಾನ್ಯ. ವಾರಗಟ್ಟಲೆ ಸುಸ್ತು, ಕತ್ತಿನ ಹಿಂಭಾಗದಲ್ಲೂ ಗಂಟುಗಳು. ಈ ಕಾಯಿಲೆಯಲ್ಲಿ ಅಮಾಕ್ಸಿಸಿಲಿನ್ ಕೊಟ್ಟರೆ ಇಂಥ ದದ್ದೇಳುವುದು ವೈದ್ಯರೆಲ್ಲ ಬಲ್ಲ ಸಂಗತಿ. ಅದು ನಿಜವಾದ ಅಲರ್ಜಿಯಾಗಿರಬೇಕೆಂದಿಲ್ಲ, ಆದರೂ "ಪೆನಿಸಿಲಿನ್ ಒಗ್ಗದು" ಎಂಬ ಹಣೆಪಟ್ಟಿ ಎಷ್ಟೋ ಜನರಿಗೆ ಜೀವನಪರ್ಯಂತ ಅಂಟಿಕೊಳ್ಳುವುದು ಹೀಗೆಯೇ.

ಹಾಗೆಂದು ಅಜ್ಜಿಯ ಆತಂಕ ಪೊಳ್ಳಲ್ಲ. ಅವರ ತಮ್ಮನಿಗೆ ಬಾಲ್ಯದಲ್ಲಿ ಗಂಟಲು ನೋವಾಗಿ, ಬಳಿಕ ಕೀಲುಗಳು ಊದಿ, ಮುಂದೆ ಹೃದಯದ ಕವಾಟ ಕೆಟ್ಟು ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಇದು ರುಮ್ಯಾಟಿಕ್ ಜ್ವರ. ಸ್ಟ್ರೆಪ್‌ನ ವಿರುದ್ಧ ಹೋರಾಡಲು ಹುಟ್ಟಿದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಹೃದಯವನ್ನು ಘಾಸಿಗೊಳಿಸುವ ಕಾಯಿಲೆ. ಆಸ್ಟ್ರೇಲಿಯಾದ ನಗರವಾಸಿಗಳಲ್ಲಿ ಇದು ಬಹಳ ವಿರಳವಾದ್ದರಿಂದಲೇ ಇಲ್ಲಿನ ವೈದ್ಯರು ಸಾಮಾನ್ಯ ಗಂಟಲು ನೋವಿಗೆ ಆಂಟಿಬಯಾಟಿಕ್ ಬರೆಯಲು ಹಿಂಜರಿಯುತ್ತಾರೆ. ಸ್ಟ್ರೆಪ್ ಆದರೂ ಗಂಟಲು ವಾರದೊಳಗೆ ತಾನಾಗಿಯೇ ವಾಸಿಯಾಗುವುದೇ ಹೆಚ್ಚು. ಔಷಧದಿಂದ ನೋವು ಕಡಿಮೆಯಾಗುವುದು ಒಂದು ದಿನದಷ್ಟು ಬೇಗ, ಅಷ್ಟೇ. ಆದರೆ ಇದೇ ದೇಶದ ಮೂಲನಿವಾಸಿಗಳಲ್ಲಿ ಈ ಕಾಯಿಲೆ ಇಂದಿಗೂ ಹೆಚ್ಚಾಗಿದೆ, ಅವರಿಗೆ ಚಿಕಿತ್ಸೆಯ ನಿಯಮವೇ ಬೇರೆ. ಕುಟುಂಬದಲ್ಲಿ ಈ ಕಾಯಿಲೆಯಿದ್ದವರನ್ನೂ, ಕಡಿಮೆ ಅಥವಾ ಮಧ್ಯಮ ಆದಾಯದ ದೇಶಗಳಿಂದ ವಲಸೆ ಬಂದವರನ್ನೂ ಅವರ ಮಕ್ಕಳನ್ನೂ ಹೆಚ್ಚಿನ ಅಪಾಯವಿರಬಹುದಾದವರೆಂದು ಇಲ್ಲಿನ ಮಾರ್ಗದರ್ಶಿ ಗುರುತಿಸುತ್ತದೆ. ಎದುರಿಗೆ ಕುಳಿತ ವೈದ್ಯರಿಗೆ ಇದು ತಾನಾಗಿ ತಿಳಿಯದು, ನಾವೇ ಹೇಳಬೇಕು. "ಮಗುವಿನ ಅಜ್ಜಿಯ ತಮ್ಮನಿಗೆ ರುಮ್ಯಾಟಿಕ್ ಹೃದಯರೋಗವಿತ್ತು" ಎಂಬ ಒಂದು ವಾಕ್ಯ, ಆಂಟಿಬಯಾಟಿಕ್ ಕೊಡಿ ಎಂದು ಹತ್ತು ಬಾರಿ ಕೇಳುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಆ ರಾತ್ರಿಯೇ ಓಡಬೇಕೆ? ಬೇಕಿರಲಿಲ್ಲ. ಗಂಟಲು ನೋವು ಶುರುವಾದ ಒಂಬತ್ತು ದಿನಗಳೊಳಗೆ ಚಿಕಿತ್ಸೆ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಮಕ್ಕಳಿಬ್ಬರಿಗೂ ತೂಕಕ್ಕೆ ತಕ್ಕಷ್ಟು ಪ್ಯಾನಡಾಲ್, ಬೇಕಾದಷ್ಟು ನೀರು, ಗಂಜಿ. ಜೊತೆಗೆ ಕೋವಿಡ್ ಪರೀಕ್ಷೆಯನ್ನೂ ಮಾಡಿಸಿದೆ, ಇಬ್ಬರಿಗೂ ಇರಲಿಲ್ಲ. ಬಾಯಿ ತೆರೆಯಲಾಗದಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡಂತೆ ಮಾತು ಹೊರಟರೆ ಅಥವಾ ಕತ್ತು ಸೆಟೆದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ, ಉಸಿರಾಟ ಕಷ್ಟವಾದರೆ 000ಗೆ ಕರೆ ಮಾಡಿ ಎಂದು ತಾಯಿಗೆ ಹೇಳಿದೆ. ಮೈಮೇಲೆ ಉಪ್ಪುಕಾಗದದಂತೆ ಒರಟಾದ ಕೆಂಪು ದದ್ದು ಎದ್ದರೆ ಅದು ಸ್ಟ್ರೆಪ್‌ನ ಗುರುತು, ಮರುದಿನವೇ ವೈದ್ಯರಿಗೆ ತೋರಿಸಬೇಕು. ರಾತ್ರಿ ಅನುಮಾನವಾದರೆ ದಾದಿಯರ ಸಲಹೆಗೆ 1800 022 222 ಇದೆ, ದಿನದ ಇಪ್ಪತ್ನಾಲ್ಕು ಗಂಟೆಯೂ.

ಸೋಮವಾರ ವೈದ್ಯರು ಮಗಳ ಗಂಟಲಿನ ಸ್ವಾಬ್ ತೆಗೆದರು. ಕುಟುಂಬದ ಚರಿತ್ರೆ ಕೇಳಿ ಅಂದೇ ಪೆನಿಸಿಲಿನ್ ಬರೆದರು. ಬುಧವಾರ ಫಲಿತಾಂಶ ಬಂದಿತು: ಸ್ಟ್ರೆಪ್ ಇತ್ತು. ಔಷಧ ಶುರುವಾಗಿ ಒಂದು ದಿನ ಕಳೆದು ಜ್ವರವೂ ಇಳಿದಿದ್ದರಿಂದ ಅವಳು ಅಷ್ಟರಲ್ಲಾಗಲೇ ಶಾಲೆಗೆ ಹೋಗಿದ್ದಳು. ನೋವು ಮಾಯವಾದರೂ ಹತ್ತು ದಿನಗಳ ಔಷಧವನ್ನು ಪೂರ್ತಿ ಕೊಡಬೇಕಾಗಿತ್ತು, ಅದನ್ನು ಅಜ್ಜಿ ಗಡಿಯಾರ ನೋಡಿಕೊಂಡು ಕೊಟ್ಟರು. ಮಗನಿಗೆ ಕೆಮ್ಮು ಇನ್ನೊಂದು ವಾರ ಉಳಿದು ತಾನಾಗಿ ಹೋಯಿತು. ಪೆಟ್ಟಿಗೆಯಲ್ಲಿದ್ದ ಅಮಾಕ್ಸಿಸಿಲಿನ್ ಮಾತ್ರೆಗಳನ್ನು ಅಜ್ಜಿಯೇ ಹತ್ತಿರದ ಔಷಧ ಅಂಗಡಿಗೆ ಕೊಂಡೊಯ್ದು ಕೊಟ್ಟುಬಂದರು. ಬೇಡವಾದ ಔಷಧಗಳನ್ನು ಇಲ್ಲಿನ ಅಂಗಡಿಗಳು ಉಚಿತವಾಗಿ ಹಿಂದಕ್ಕೆ ಪಡೆಯುತ್ತವೆ.