‘ಹ’ ಬಿಟ್ಟವರ ಕಂಡರೆ ನಗು

ಬೆಂಗಳೂರಿನ ಹಾಸ್ಟೆಲ್ ಕೋಣೆಯಲ್ಲಿ ಧಾರವಾಡದ ಹುಡುಗ ‘ಉಳ್ಳಾಗಡ್ಡಿ’ ಎಂದರೆ ಮಂಡ್ಯದವನು ನಗುತ್ತಾನೆ. ಮಂಗಳೂರಿನವನು ‘ನೀರುಳ್ಳಿ’ ಎಂದರೆ ಇಬ್ಬರೂ ಸೇರಿ ನಗುತ್ತಾರೆ. ‘ಏನ್ಲಾ’ ಎಂದವನಿಗೆ ‘ಏನಲೇ’ ಎಂಬ ಉತ್ತರ. ಇಲ್ಲಿ ಯಾರ ಮಾನವೂ ಹೋಗುವುದಿಲ್ಲ. ಇಂದು ನಕ್ಕವನು ನಾಳೆ ನಗೆಪಾಟಲಾಗುತ್ತಾನೆ, ಲೆಕ್ಕ ಚುಕ್ತಾ.

ಆದರೆ ಒಂದು ಅಕ್ಷರದ ವಿಷಯದಲ್ಲಿ ಮಾತ್ರ ಈ ಲೆಕ್ಕ ತೀರುವುದೇ ಇಲ್ಲ. ಮಂಡ್ಯ, ಮೈಸೂರು, ಚಾಮರಾಜನಗರದ ಹಳ್ಳಿಗಳ ಅನೇಕರ ಮಾತಿನಲ್ಲಿ ಪದದ ಮೊದಲ ‘ಹ’ ಉದುರಿಹೋಗುತ್ತದೆ. ಹಾಲು ‘ಆಲು’, ಹಣ್ಣು ‘ಅಣ್ಣು’, ಹಾಸನ ‘ಆಸನ’. ‘ಅವ್ನು ಊರಿಗ್ ಓದ’ ಎಂದರೆ ಹೋದ ಎಂದೇ ಅರ್ಥ, ಆ ಕಡೆಯವರಿಗೆ ಗೊಂದಲವಿಲ್ಲ. ಇದೇ ಮಾತು ನಗರದ ಕಾಲೇಜಿನಲ್ಲೋ ಕಚೇರಿಯಲ್ಲೋ ಬಾಯಿ ತಪ್ಪಿ ಬಂದರೆ, ‘ಏನು ಓದಿದ?’ ಎಂಬ ಕೊಂಕು ಕಾದಿರುತ್ತದೆ.

ನಗುವವರು ತಮ್ಮ ‘ಹ’ ಎಲ್ಲಿಂದ ಬಂತೆಂದು ಒಮ್ಮೆ ನೋಡಿಕೊಳ್ಳಬೇಕು. ಹಳಗನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹೋಗು ‘ಪೋಗು’. ತಮಿಳರು ಈಗಲೂ ಪಾಲ್ ಎನ್ನುತ್ತಾರೆ. ಸುಮಾರು 10ನೇ ಶತಮಾನದಿಂದ ಶಾಸನಗಳಲ್ಲಿ ಈ ‘ಪ’ ಸವೆದು ‘ಹ’ ಆಗುವುದು ಕಾಣತೊಡಗುತ್ತದೆ. ನಡುಗನ್ನಡದಲ್ಲಿ ಅದೇ ರೂಢಿಯಾಯಿತು. ತುಟಿ ಕೂಡಿಸಿ ನುಡಿಯುತ್ತಿದ್ದ ಸದ್ದು ಬರೀ ಉಸಿರಾಯಿತು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಆ ಉಸಿರೂ ನಿಂತಿತು, ಅಷ್ಟೇ. ‘ಪ’ ಬಿಟ್ಟವರದು ಶುದ್ಧ ಕನ್ನಡವಾಗಿ, ‘ಹ’ ಬಿಟ್ಟವರು ಗಮಾರರಾದದ್ದು ಯಾವ ವ್ಯಾಕರಣದಿಂದಲೋ!

ವಿಷಯ ಜಿಲ್ಲೆಗೇ ಮುಗಿಯುವುದೂ ಇಲ್ಲ. ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ 1960ರ ಆಸುಪಾಸಿನಲ್ಲೇ ಬ್ರಾಹ್ಮಣರ ಮತ್ತು ಬ್ರಾಹ್ಮಣೇತರರ ಆಡುಗನ್ನಡದ ವ್ಯತ್ಯಾಸಗಳ ಬಗ್ಗೆ ಬರೆದಿದ್ದರು. ಓದು ಮೊದಲು ದಕ್ಕಿದ ಮನೆಗಳಲ್ಲಿ ‘ಹ’ ಉಳಿದದ್ದೇ ಹೆಚ್ಚು. ಹಾಗಾಗಿ ‘ಆಲು’ ಕೇಳಿ ನಗುವಾಗ ಜಾತಿಯೂ ಹಳ್ಳಿತನವೂ ಸದ್ದಿಲ್ಲದೆ ಗೇಲಿಗೆ ಸಿಕ್ಕುತ್ತವೆ.

ಬರಹಗಾರರನ್ನೂ ಇದು ಬಿಟ್ಟಿಲ್ಲ. ದೇವನೂರ ಮಹಾದೇವ ನಂಜನಗೂಡು ಸೀಮೆಯ ಮಾತಿನಲ್ಲಿ ‘ಕುಸುಮಬಾಲೆ’ ಬರೆದಾಗ, ಅದನ್ನು ಕನ್ನಡಕ್ಕೆ ಅನುವಾದಿಸಬೇಕೆಂಬ ಚಟಾಕಿ ಸಾಹಿತ್ಯ ವಲಯದಲ್ಲೇ ಹಾರಿತ್ತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮಹಾದೇವರಿಗೆ ಅಂಥ ಚಟಾಕಿ ಲೆಕ್ಕಕ್ಕಿರಲಿಕ್ಕಿಲ್ಲ. ಹತ್ತು ವರ್ಷದ ಹುಡುಗನಿಗೆ ಹಾಗಲ್ಲ. ಗೇಲಿ ಎಲ್ಲಿ ಗಾಯ ಮಾಡಿದೆ ಎಂಬುದು ಅವನ ಬಾಯಲ್ಲೇ ಗೊತ್ತಾಗುತ್ತದೆ: ಹೆದರಿ, ಬೇಡದ ಕಡೆಗೂ ‘ಹ’ ಹಚ್ಚತೊಡಗುತ್ತಾನೆ. ಆನೆ ‘ಹಾನೆ’ಯಾಗುತ್ತದೆ, ಅಕ್ಕಿ ‘ಹಕ್ಕಿ’ಯಾಗುತ್ತದೆ. ಅದಕ್ಕೆ ಇನ್ನಷ್ಟು ನಗು. ಆಮೇಲೆ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ‘ಅಣ್ಣು’ ಎಂದು ಬರೆದವನಿಗೆ ‘ಬರೆಯುವಾಗ ಹ ಹಾಕಪ್ಪ’ ಎಂದು ತಿದ್ದುವ ಮೇಷ್ಟ್ರ ಮೇಲೆ ಯಾರ ತಕರಾರೂ ಇಲ್ಲ, ಕಾಗುಣಿತ ಕಲಿಸಲೇಬೇಕು. ಆದರೆ ‘ಎಲ್ಲಿ, ಇನ್ನೊಂದ್ಸಲ ಹೇಳು’ ಎಂದು ಎದ್ದು ನಿಲ್ಲಿಸಿ ಇಡೀ ತರಗತಿಯನ್ನು ನಗಿಸುವ ಮೇಷ್ಟ್ರುಗಳೂ ಇದ್ದಾರೆ.